ತುಪ್ಪ ಬಿಟ್ಟರೂ ಇಳಿಯದ ಕೊಬ್ಬು

ಬಾಗಲಕೋಟೆ ಸೀಮೆಯಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡು ‘ಫ್ಯಾಟಿ ಲಿವರ್’ ಎಂಬ ಚೀಟಿ ಹಿಡಿದು ಮನೆಗೆ ಬಂದವರಿಗೆ ಊರೆಲ್ಲ ಒಂದೇ ಪಾಠ ಹೇಳುತ್ತದೆ. “ಲಿವರ್‌ದಾಗ ಕೊಬ್ಬ ಕುಂತೈತ್ರಿ. ಎಣ್ಣಿ, ತುಪ್ಪ ಬಂದ್ ಮಾಡ್ರಿ. ಸಕ್ಕರಿ ಬದ್ಲಿ ಬೆಲ್ಲ ಹಾಕ್ರಿ. ಜ್ವಾಳದ ರೊಟ್ಟಿ ಎಷ್ಟರ ತಿನ್ರಿ, ಏನೂ ಆಗಂಗಿಲ್ಲ.” ಹೇಳುವವರು ಕೆಲವೊಮ್ಮೆ ಬೀಗರು, ಕೆಲವೊಮ್ಮೆ ಔಷಧಿ ಅಂಗಡಿಯವರು, ಎಷ್ಟೋ ಸಲ ಡಾಕ್ಟರೇ. ಈ ನಾಲ್ಕು ಮಾತುಗಳಲ್ಲಿ ಮೊದಲನೆಯದು ಮಾತ್ರ ಪೂರ್ತಿ ನಿಜ. ಎರಡನೆಯದು ಅರೆಬರೆ, ಮೂರನೆಯದು ತಪ್ಪು, ನಾಲ್ಕನೆಯದು ಒಳ್ಳೆಯ ಆಹಾರಕ್ಕೆ ಕಟ್ಟಿದ ಕೆಟ್ಟ ಲೆಕ್ಕ.

ಜನ್ಮದಲ್ಲಿ ಹೆಂಡದ ಹನಿ ಮುಟ್ಟದವರಿಗೆ, ಮೊಟ್ಟೆಯನ್ನೂ ತಿನ್ನದ ಮನೆತನದವರಿಗೆ ಈ ಕಾಯಿಲೆ ಬಂದಾಗ ಮೊದಲು ಆಗುವುದು ಅವಮಾನ. ಲಿವರ್ ಕೆಡುವುದು ಕುಡುಕರಿಗೆ ಮಾತ್ರ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ಕುಡಿಯದವರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಕೇಂದ್ರ ಸರ್ಕಾರ 2021ರಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಇದನ್ನೂ ಸೇರಿಸಿತು. ಅವಮಾನ ಕಳೆದ ಮೇಲೆ ಬರುವುದು ಪಥ್ಯ. ನನ್ನ ತಕರಾರು ಇರುವುದು ಆ ಪಥ್ಯದ ಮೇಲೆ.

ತುಪ್ಪ ತಿಂದರೆ ಅದೇ ತುಪ್ಪ ಹೋಗಿ ಲಿವರಿನಲ್ಲಿ ಕೂಡುತ್ತದೆ ಎಂಬ ಊಹೆ ಸಹಜ. ಕೊಬ್ಬಿಗೆ ಕೊಬ್ಬೇ ಕಾರಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಇದನ್ನು ಅಳೆದು ನೋಡಿದ್ದಾರೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ಕಾಯಿಲೆ ಇದ್ದ ಒಂಬತ್ತು ಮಂದಿಗೆ ಗುರುತು ಹಚ್ಚಿದ ಪೋಷಕಾಂಶಗಳನ್ನು ಕೊಟ್ಟು, ಲಿವರಿನಲ್ಲಿದ್ದ ಕೊಬ್ಬು ಎಲ್ಲೆಲ್ಲಿಂದ ಬಂದಿದೆ ಎಂದು ಪತ್ತೆ ಮಾಡಿದರು. ಸುಮಾರು ಶೇ 59ರಷ್ಟು ಕೊಬ್ಬು ಮೈಯಲ್ಲೇ, ಮುಖ್ಯವಾಗಿ ಬೊಜ್ಜಿನಲ್ಲಿ ಶೇಖರವಾಗಿದ್ದುದು ಕರಗಿ ರಕ್ತದ ಮೂಲಕ ಬಂದದ್ದು. ಶೇ 26ರಷ್ಟನ್ನು ಲಿವರ್ ತಾನೇ ಸಕ್ಕರೆ-ಪಿಷ್ಟಗಳಿಂದ ತಯಾರಿಸಿತ್ತು. ತಿಂದ ಎಣ್ಣೆ-ತುಪ್ಪದಿಂದ ನೇರವಾಗಿ ಬಂದದ್ದು ಶೇ 15 ಮಾತ್ರ. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ನಾಡಿನವರಿಗೆ ಇದನ್ನು ಹೀಗೆ ಹೇಳಬಹುದು: ಕೆರೆಗೆ ಮೂರು ಕಾಲುವೆಗಳಿಂದ ನೀರು ಬರುತ್ತಿದೆ, ನಾವು ಎಲ್ಲಕ್ಕಿಂತ ಸಣ್ಣ ಕಾಲುವೆಯ ಬಾಗಿಲು ಹಾಕಿ ಕೆರೆ ಯಾಕೆ ಇಳಿಯುತ್ತಿಲ್ಲ ಎಂದು ಕೇಳುತ್ತಿದ್ದೇವೆ.

ದೊಡ್ಡ ಕಾಲುವೆ ಹೊಟ್ಟೆಯ ಬೊಜ್ಜು. ಸಾಮಾನ್ಯವಾಗಿ ಊಟವಾದ ಮೇಲೆ ಇನ್ಸುಲಿನ್ ಏರಿ, “ಈಗ ಕೊಬ್ಬು ಬಿಡಬೇಡ” ಎಂದು ಬೊಜ್ಜಿನ ಕೋಶಗಳಿಗೆ ಅಪ್ಪಣೆ ಕೊಡುತ್ತದೆ. ಹೊಟ್ಟೆ ಬಂದವರಲ್ಲಿ ಈ ಅಪ್ಪಣೆ ನಡೆಯುವುದಿಲ್ಲ. ಹಗಲೂ ರಾತ್ರಿ ಕೊಬ್ಬು ಹರಿದು ಲಿವರಿಗೆ ಹೋಗುತ್ತಲೇ ಇರುತ್ತದೆ. ಅಪ್ಪಣೆ ನಡೆಯದಿದ್ದಕ್ಕೆ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಲಿವರಿಗೆ ಸಕ್ಕರೆಯಿಂದ ಕೊಬ್ಬು ಮಾಡು ಎಂದು ಹೇಳುತ್ತದೆ. ಎರಡನೆಯ ಕಾಲುವೆಯೂ ಹೀಗೆ ತುಂಬಿ ಹರಿಯತೊಡಗುತ್ತದೆ.

ಈಗ ಬೆಲ್ಲದ ಮಾತು. ಮುಧೋಳ, ಜಮಖಂಡಿ ಭಾಗದ ಕಬ್ಬು, ಮಹಾಲಿಂಗಪುರದ ಬೆಲ್ಲದ ಪೇಟೆ ಇರುವ ಜಿಲ್ಲೆಯಲ್ಲಿ ಬೆಲ್ಲದ ವಿರುದ್ಧ ಬರೆಯುವುದು ಸುಲಭವಲ್ಲ. ಸಕ್ಕರೆ ವಿಷ, ಬೆಲ್ಲ ಅಮೃತ ಎಂಬ ಮಾತು ಇಲ್ಲಿ ಮನೆಮನೆಯಲ್ಲಿದೆ. ಆದರೆ ಲಿವರ್ ಬಣ್ಣ ನೋಡುವುದಿಲ್ಲ. 100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಸಕ್ಕರೆಯ ಜಾತಿಯದೇ ವಸ್ತು. ಆ ಸಕ್ಕರೆಯಲ್ಲಿ ಹೆಚ್ಚೂ ಕಡಿಮೆ ಅರ್ಧ ಗ್ಲೂಕೋಸ್, ಇನ್ನರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಸ್ನಾಯು, ಮಿದುಳು, ಎಲ್ಲ ಅಂಗಗಳೂ ಹಂಚಿಕೊಂಡು ಬಳಸುತ್ತವೆ. ಫ್ರಕ್ಟೋಸ್ ಸ್ವಲ್ಪವಿದ್ದರೆ ಕರುಳೇ ಸುಧಾರಿಸಿಕೊಳ್ಳುತ್ತದೆ. ಜಾಸ್ತಿಯಾದರೆ ಅದರ ಹೊರೆ ಬೀಳುವುದು ಲಿವರಿನ ಮೇಲೆ. ಗ್ಲೂಕೋಸ್ ಒಡೆಯುವಾಗ “ಸಾಕು” ಎನ್ನುವ ಒಂದು ತಡೆ ಇದೆ. ಫ್ರಕ್ಟೋಸಿನ ದಾರಿಯಲ್ಲಿ ಆ ತಡೆ ಇಲ್ಲ. ಹೀಗಾಗಿ ಬಂದದ್ದೆಲ್ಲ ಒಡೆದು, ಹೆಚ್ಚಾದದ್ದು ಕೊಬ್ಬಾಗುತ್ತದೆ. ಬೆಲ್ಲದಲ್ಲಿ ಕಬ್ಬಿಣವಿದೆ ಎಂಬ ವಾದ ಸುಳ್ಳಲ್ಲ. ಆದರೆ ಚಹಾದ ಚಮಚೆಯಲ್ಲಿ ಬರುವ ಕಬ್ಬಿಣ ಲೆಕ್ಕಕ್ಕಿಲ್ಲದಷ್ಟು. ಅದಕ್ಕಿಂತ ಹೆಚ್ಚು ಒಂದು ಹಿಡಿ ರಾಜಗಿರಿ ಪಲ್ಲೆಯಲ್ಲಿ ಸಿಗುತ್ತದೆ.

ಸಕ್ಕರೆ ಕಡಿದರೆ ನಿಜವಾಗಿಯೂ ಲಿವರಿನ ಕೊಬ್ಬು ಇಳಿಯುತ್ತದೆಯೇ? ಇದಕ್ಕೆ 2019ರಲ್ಲಿ ಒಂದು ಸ್ಪಷ್ಟ ಉತ್ತರ ಸಿಕ್ಕಿತು. ಅಮೆರಿಕದ ಸಂಶೋಧಕರು ಫ್ಯಾಟಿ ಲಿವರ್ ಇದ್ದ 40 ಹುಡುಗರನ್ನು ಆರಿಸಿ, ಅರ್ಧದಷ್ಟು ಹುಡುಗರ ಮನೆಯ ಅಡುಗೆಯಿಂದ ಸಕ್ಕರೆ ಮತ್ತು ಹಣ್ಣಿನ ರಸಗಳನ್ನು ಎಂಟು ವಾರ ಹೆಚ್ಚೂಕಡಿಮೆ ಪೂರ್ತಿ ತೆಗೆಸಿದರು. ಎಂಆರ್‌ಐನಲ್ಲಿ ಅಳೆದಾಗ ಆ ಹುಡುಗರ ಲಿವರಿನ ಕೊಬ್ಬು ಶೇ 25ರಿಂದ 17ಕ್ಕೆ ಇಳಿದಿತ್ತು. ಎಂದಿನಂತೆ ಉಂಡ ಉಳಿದವರಲ್ಲಿ ಅದು ಶೇ 21ರಿಂದ 20ಕ್ಕೆ ಬಂದಿತ್ತಷ್ಟೇ. ಗಮನಿಸಿ, ಅಲ್ಲಿ ಎಣ್ಣೆ-ಬೆಣ್ಣೆ ಬಿಡಿಸುವುದು ಚಿಕಿತ್ಸೆಯಾಗಿರಲಿಲ್ಲ, ಸಿಹಿ ಬಿಡಿಸುವುದೇ ಚಿಕಿತ್ಸೆಯಾಗಿತ್ತು.

ನಮ್ಮ ಪಥ್ಯ ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಒಬ್ಬರ ದಿನಚರಿಯ ಮೇಲೆ ಲೆಕ್ಕ ಹಾಕಿ ನೋಡೋಣ. ವ್ಯಕ್ತಿ ಕಲ್ಪಿತ, ಊಟ ಮಾತ್ರ ನಮ್ಮೆಲ್ಲರದು. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟುಕೊಂಡ 46 ವರ್ಷದ ಒಬ್ಬರು ಎನ್ನಿ. ಎತ್ತರ 168 ಸೆಂಟಿಮೀಟರ್, ತೂಕ 76 ಕಿಲೋ, ಹೊಕ್ಕಳ ಮಟ್ಟದಲ್ಲಿ ಸುತ್ತಳತೆ 98 ಸೆಂಟಿಮೀಟರ್. ತಂದೆ ಕುಣಿಮಗ್ಗದಲ್ಲಿ ಕೂತು ದಿನವಿಡೀ ಕೈಕಾಲು ಆಡಿಸಿ ನೇಯ್ದವರು. ಇವರು ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವವರು. ಬಂದ ಗಿರಾಕಿಗೊಂದು ಚಹಾ, ಜೊತೆಗೆ ತಮಗೊಂದು. ದಿನಕ್ಕೆ ಆರು ಆಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 2’ ಎಂದು ಬಂದ ದಿನವೇ ಮನೆಯವರು ಪಥ್ಯ ಶುರು ಮಾಡಿದರು. ಎರಡು ಹೊತ್ತು ರೊಟ್ಟಿಗೆ ಸವರುತ್ತಿದ್ದ ಒಂದೊಂದು ಚಮಚೆ ತುಪ್ಪ ಹೋಯಿತು. ಚಹಾಕ್ಕೆ ಸಕ್ಕರೆಯ ಬದಲು ಬೆಲ್ಲ ಬಂತು. ಲಿವರಿಗೆ ಒಳ್ಳೆಯದೆಂದು ಬೆಳಿಗ್ಗೆ ಒಂದು ಗ್ಲಾಸು ದಾಳಿಂಬೆ ರಸ ಬಂತು.

ಹತ್ತು ಗ್ರಾಂ ತುಪ್ಪ ಬಿಟ್ಟದ್ದರಿಂದ ಉಳಿದದ್ದು 90 ಕ್ಯಾಲೊರಿ. ಹೊಸದಾಗಿ ಸೇರಿದ 200 ಮಿಲಿ ದಾಳಿಂಬೆ ರಸದಲ್ಲಿ ಸುಮಾರು 25 ಗ್ರಾಂ ಸಕ್ಕರೆ, ಅಂದರೆ ನೂರರ ಮೇಲೆ ಕ್ಯಾಲೊರಿ. ಚಹಾಕ್ಕೆ ಹತ್ತು ಗ್ರಾಮಿನಂತೆ ಆರು ಚಹಾದ 60 ಗ್ರಾಂ ಬೆಲ್ಲ ಮತ್ತೆ 210 ಕ್ಯಾಲೊರಿ. ಎರಡೂ ಕೂಡಿ ಸಕ್ಕರೆಯ ಅಂಶ 75 ಗ್ರಾಂ ದಾಟುತ್ತದೆ. ಇಂಥ ಸೇರಿಸಿದ ಸಿಹಿ ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇದ್ದರೆ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಆರು ತಿಂಗಳು ಇಷ್ಟು ನಿಷ್ಠೆಯ ಪಥ್ಯ ಮಾಡಿ ತೂಕದ ಯಂತ್ರ ಹತ್ತಿದರೆ ಅದು ಮತ್ತೆ 76 ತೋರಿಸುವುದರಲ್ಲಿ ಆಶ್ಚರ್ಯವಿಲ್ಲ. “ತುಪ್ಪ ಬಿಟ್ಟೆ, ಆದ್ರೂ ಇಳೀಲಿಲ್ಲ, ಇದು ಹಣೆಬರಹ” ಎನ್ನುವವರ ಹಣೆಯಲ್ಲಿ ಬರೆದಿರುವುದು ಬಹುಪಾಲು ಈ ಲೆಕ್ಕವೇ.

ರಸದ ವಿಷಯ ಒಂದು ಮಾತು. ಹಣ್ಣನ್ನು ಅಗಿದು ತಿಂದರೆ ನಾರು ಜೊತೆಗಿರುತ್ತದೆ, ಸಕ್ಕರೆ ನಿಧಾನಕ್ಕೆ ಇಳಿಯುತ್ತದೆ, ಒಂದಕ್ಕೇ ಹೊಟ್ಟೆ ತುಂಬುತ್ತದೆ. ಹಿಂಡಿದರೆ ಎರಡು ಮೂರು ಹಣ್ಣಿನ ಸಕ್ಕರೆ ಒಂದೇ ಗುಟುಕಿಗೆ ಲಿವರಿನ ಬಾಗಿಲಿಗೆ ಬರುತ್ತದೆ. ದಾಳಿಂಬೆ ಬೆಳೆಯುವ ಜಿಲ್ಲೆಯವರು ಅದನ್ನು ಕಾಳು ಬಿಡಿಸಿ ತಿನ್ನಲಿ, ಮಿಕ್ಸರಿಗೆ ಹಾಕುವುದು ಬೇಡ. ಅಮೀನಗಡದ ಕರದಂಟಿಗೂ ಇದೇ ನ್ಯಾಯ. ಬೆಲ್ಲದ ಪಾಕದಲ್ಲಿ ಅಂಟು, ಉತ್ತತ್ತಿ, ಕೊಬ್ಬರಿ, ಗೋಡಂಬಿ ಸೇರಿಸಿ ಕಟ್ಟಿದ ಅದು ಹೆತ್ತು ದಣಿದ ಬಾಣಂತಿಯ ಮೈ ತುಂಬಲು ಸರಿಯಾದ ತಿನಿಸು. ಕುರ್ಚಿಯಿಂದೇಳದೆ ದಿನ ಕಳೆಯುವವರು ಡ್ರೈಫ್ರೂಟ್ಸ್ ಎಂಬ ಸಮಾಧಾನದಲ್ಲಿ ಚಹಾದ ಜೊತೆ ದಿನಾ ತಿನ್ನುವುದಕ್ಕಲ್ಲ.

ಇನ್ನು ರೊಟ್ಟಿ. ಬಿಳಿಜೋಳದ ಹಿರಿಮೆಯಲ್ಲಿ ನನಗೆ ಅನುಮಾನವಿಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 10 ಗ್ರಾಂ ಪ್ರೋಟೀನು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮನ್ನೂ ಮುಟ್ಟುವುದಿಲ್ಲ. ಆದರೆ ಅದೇ 100 ಗ್ರಾಂ ಜೋಳದಲ್ಲಿ 68 ಗ್ರಾಂ ಪಿಷ್ಟವೂ ಇದೆ, 330ಕ್ಕೂ ಹೆಚ್ಚು ಕ್ಯಾಲೊರಿಯೂ ಇದೆ. 60 ಗ್ರಾಂ ಹಿಟ್ಟಿನ ಒಂದು ಬಿಸಿ ರೊಟ್ಟಿ ಎಂದರೆ 200 ಕ್ಯಾಲೊರಿ. ಹೊಲದಲ್ಲಿ ದಿನವಿಡೀ ಕಳೆ ತೆಗೆದು, ನೇಗಿಲು ಹಿಡಿದು ಬಂದವನಿಗೆ ನಾಲ್ಕು ರೊಟ್ಟಿ ಕಡಿಮೆಯೇ. ಅಂಗಡಿಯ ಗಾದಿಯ ಮೇಲೆ, ಕಚೇರಿಯ ಕುರ್ಚಿಯಲ್ಲಿ ಕೂತವರು ಅಷ್ಟೇ ಉಂಡು, ಮೇಲೆ ಅನ್ನ-ಸಾರೂ ಉಂಡರೆ ಜೋಳವೂ ಕೊಬ್ಬೇ ಆಗುತ್ತದೆ. “ಎಷ್ಟರ ತಿನ್ರಿ” ಎಂಬ ಪದವೇ ಪಥ್ಯದ ಶತ್ರು. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 2025ರ ವರದಿಯಂತೆ ಭಾರತೀಯರ ಊಟದ ಒಟ್ಟು ಶಕ್ತಿಯಲ್ಲಿ ಶೇ 62 ಪಿಷ್ಟ-ಸಕ್ಕರೆಗಳಿಂದಲೇ ಬರುತ್ತಿದೆ. ಧಾನ್ಯ ಬದಲಿಸಿದರೆ ಸಾಲದು, ತಟ್ಟೆಯಲ್ಲಿ ಅದರ ಜಾಗವೂ ಸಣ್ಣದಾಗಬೇಕು.

ಹಾಗಾದರೆ ಎಣ್ಣೆ ನಿರಪರಾಧಿಯೇ? ಅಲ್ಲ. ಅದಕ್ಕೇ ಎರಡನೆಯ ಮಾತನ್ನು ಅರೆಬರೆ ಎಂದೆ. ಸ್ವೀಡನ್ನಿನಲ್ಲಿ 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತೆಳ್ಳಗಿದ್ದ 39 ಯುವಕ-ಯುವತಿಯರಿಗೆ ಏಳು ವಾರ ಊಟದ ಮೇಲೆ ಹೆಚ್ಚುವರಿಯಾಗಿ ಮಫಿನ್ ಕೇಕು ತಿನ್ನಿಸಿದರು. ಒಂದು ಗುಂಪಿನದು ಪಾಮ್ ಎಣ್ಣೆಯಲ್ಲಿ, ಇನ್ನೊಂದು ಗುಂಪಿನದು ಸೂರ್ಯಕಾಂತಿ ಎಣ್ಣೆಯಲ್ಲಿ ಮಾಡಿದ್ದು. ತೂಕ ಎರಡೂ ಗುಂಪಿಗೆ ಒಂದೇ ಸಮ ಏರಿತು. ಲಿವರಿನ ಕೊಬ್ಬು ಗಮನಾರ್ಹವಾಗಿ ಹೆಚ್ಚಿದ್ದು ಪಾಮ್ ಎಣ್ಣೆ ತಿಂದವರಲ್ಲಿ. ಅಂದರೆ ಎಷ್ಟು ಎಣ್ಣೆ ಎಂಬುದರ ಜೊತೆ ಯಾವ ಎಣ್ಣೆ ಎಂಬುದೂ ಮುಖ್ಯ. ಸೂರ್ಯಕಾಂತಿಯಲ್ಲಿರುವ ಲಿನೋಲಿಕ್ ಆಮ್ಲವೇ ನಮ್ಮ ಕುಸುಬಿ ಎಣ್ಣೆಯಲ್ಲೂ ಮುಖ್ಯ ಅಂಶ, ಅದೂ ಇನ್ನಷ್ಟು ಹೆಚ್ಚು. ಬಿಜಾಪುರ-ಬಾಗಲಕೋಟೆಯ ಕರಿಮಣ್ಣಿನಲ್ಲಿ ಜೋಳದ ಜೊತೆ ಅಕ್ಕಡಿಯಾಗಿ ಬೆಳೆಯುತ್ತಿದ್ದ ಕುಸುಬಿಯನ್ನು ಮೂಲೆಗೆ ತಳ್ಳಿ ಅಗ್ಗದ ಪಾಮ್ ಎಣ್ಣೆಯ ಪಾಕೀಟಿಗೆ ಒಲಿದವರು ನಾವು. ಸಂಜೆ ಬಾಣಲೆಯಲ್ಲಿ ಕುದಿಯುವ ಮಿರ್ಚಿ ಭಜಿಯನ್ನು ಬಿಡಲೇಬೇಕು. ಪಲ್ಲೆಯ ಒಗ್ಗರಣೆಗೆ ಹಾಕುವ ಎರಡು ಚಮಚೆ ಕುಸುಬಿ ಎಣ್ಣೆಯನ್ನು ಬಿಡಬೇಕಾಗಿಲ್ಲ.

ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಅಚ್ಚು ಹಾಕಿ ಕೊಡುವ ಪಥ್ಯದ ಹಾಳೆಗಳಲ್ಲಿ ಓಟ್ಸ್, ಆಲಿವ್ ಎಣ್ಣೆ, ಬ್ರೊಕೊಲಿ ಇರುತ್ತವೆ. ಫ್ಯಾಟಿ ಲಿವರಿಗೆ ಮೆಡಿಟರೇನಿಯನ್ ಕಡೆಯ ಊಟದ ಕ್ರಮ ಒಳ್ಳೆಯದೆಂಬುದಕ್ಕೆ ಆಧಾರಗಳಿವೆ, ಒಪ್ಪೋಣ. ಆದರೆ ಆ ಕ್ರಮದ ಸಾರ ಆಲಿವಿನಲ್ಲಿಲ್ಲ. ಕಾಳು, ಸೊಪ್ಪು, ಬೀಜ, ಇಡೀ ಧಾನ್ಯ, ಒಳ್ಳೆಯ ಎಣ್ಣೆ, ಕಡಿಮೆ ಸಿಹಿ ಇವುಗಳ ಕೂಟದಲ್ಲಿದೆ. ಅದನ್ನು ನೋಡಬೇಕೆಂದರೆ ಬಾದಾಮಿಯ ಬನಶಂಕರಿಗೆ ಹೋಗಿ. ಗುಡಿಯ ಮುಂದೆ, ಹರಿದ್ರಾತೀರ್ಥದ ಆಸುಪಾಸಿನಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಬುತ್ತಿ ಮಾರುತ್ತಾರೆ. “ಊಟ ಮಾಡ್ರಿ ಯಪ್ಪಾ” ಎಂದು ಕರೆದು ಬಿಳಿಜೋಳದ ಇಲ್ಲವೇ ಸಜ್ಜಿಯ ಕಟಕ್ ರೊಟ್ಟಿ ಕೈಗಿಡುತ್ತಾರೆ. ಅದರ ಮೇಲೆ ಕಾಳು ಪಲ್ಲೆ, ಬದನಿಕಾಯಿ, ಶೇಂಗಾ ಹಿಂಡಿ, ಕೆಂಪು ಖಾರ, ಕೊನೆಗೆ ಗಡಿಗೆಯಿಂದ ಗಟ್ಟಿ ಮೊಸರು. ತೆಳ್ಳನೆಯ ಆ ರೊಟ್ಟಿಗಿಂತ ಅದರ ಮೇಲಿನ ವ್ಯಂಜನವೇ ಹೆಚ್ಚು, ಸಕ್ಕರೆ-ಬೆಲ್ಲದ ಹೆಸರಿಲ್ಲ. ಯಾವ ಪಥ್ಯ ತಜ್ಞರೂ ಇದಕ್ಕಿಂತ ಒಳ್ಳೆಯ ಹಾಳೆ ಬರೆಯಲಾರರು. ಖಾರ ಮತ್ತು ಹಿಂಡಿಯ ಉಪ್ಪೊಂದನ್ನು ಬಿಪಿ ಇದ್ದವರು ನೋಡಿಕೊಳ್ಳಬೇಕು.

ನಮ್ಮ ಇಳಕಲ್ಲಿನವರಿಗೆ ಈ ಊಟವನ್ನು ಲೆಕ್ಕಕ್ಕೆ ಇಳಿಸೋಣ. ಚಹಾ ಆರರಿಂದ ಎರಡಕ್ಕೆ, ಅದೂ ಸಪ್ಪೆ. ದಾಳಿಂಬೆ ರಸ ಬಂದ್. ಇಷ್ಟರಲ್ಲೇ 320 ಕ್ಯಾಲೊರಿ ಹೋಯಿತು. ರಾತ್ರಿ ರೊಟ್ಟಿಯ ಮೇಲೆ ಉಣ್ಣುತ್ತಿದ್ದ ಒಂದು ಬಟ್ಟಲು ಅನ್ನ, ಸುಮಾರು 150 ಗ್ರಾಂ, ನಿಂತರೆ ಇನ್ನು 195. ಒಟ್ಟು 500ರ ಮೇಲಾಯಿತು. ಮಧ್ಯಾಹ್ನ ಎರಡು ರೊಟ್ಟಿ, ಬಟ್ಟಲು ತುಂಬ ಹೆಸರುಕಾಳು ಅಥವಾ ಮಡಿಕಿಕಾಳು, ಅಷ್ಟೇ ಸೊಪ್ಪಿನ ಪಲ್ಲೆ, ಮೊಸರು. ಸಂಜೆ ಭಜಿಯ ಜಾಗದಲ್ಲಿ ಒಂದು ಹಿಡಿ ಹುರಿದ ಶೇಂಗಾ. ಬೇಕಿದ್ದರೆ ರೊಟ್ಟಿಗೆ ಒಂದು ಚಮಚೆ ತುಪ್ಪ ವಾಪಸು ಬರಲಿ, ಲೆಕ್ಕ ಕೆಡುವುದಿಲ್ಲ. ಈ ದರದಲ್ಲಿ ಮೊದಲ ತಿಂಗಳುಗಳಲ್ಲಿ ವಾರಕ್ಕೆ ಅರ್ಧ ಕಿಲೋದ ಹತ್ತಿರ ಇಳಿಯಬಹುದು. ಮೈ ಹಗುರಾದಂತೆ ಇಳಿಕೆಯ ವೇಗವೂ ತಗ್ಗುತ್ತದೆ. ಬೇಗ ಇಳಿಯಲೆಂದು ಉಪವಾಸ ಕೂತರೆ ಬೊಜ್ಜು ಒಮ್ಮೆಲೇ ಕರಗಿ ಲಿವರಿನ ಉರಿಯೂತ ಹೆಚ್ಚಬಹುದು, ಪಿತ್ತಕೋಶದಲ್ಲಿ ಕಲ್ಲೂ ಆಗಬಹುದು.

ಎಷ್ಟು ಇಳಿಸಬೇಕು ಎಂಬುದಕ್ಕೂ ಉತ್ತರವಿದೆ. ಕ್ಯೂಬಾದಲ್ಲಿ 293 ರೋಗಿಗಳನ್ನು ಒಂದು ವರ್ಷ ಊಟ-ವ್ಯಾಯಾಮದ ಮೇಲೆ ಇಟ್ಟು, ಮೊದಲೂ ಕೊನೆಗೂ ಲಿವರಿನ ಚೂರು ತೆಗೆದು ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಬಂತು. ತೂಕದ ಶೇ 10ರಷ್ಟು ಇಳಿಸಿದವರಲ್ಲಿ ಶೇ 90 ಮಂದಿಗೆ ಲಿವರಿನ ಉರಿಯೂತದ ಕಾಯಿಲೆ ಮಾಯವಾಗಿತ್ತು, ಶೇ 45 ಮಂದಿಯಲ್ಲಿ ನಾರುಗಟ್ಟಿದ್ದು ಕೂಡ ಹಿಂದೆ ಸರಿದಿತ್ತು. ಕೊಬ್ಬು ಮಾತ್ರ ಇಳಿಯಲು ಶೇ 5 ಇಳಿದರೂ ಸಾಕು. 76 ಕಿಲೋದವರಿಗೆ ಅದು ಮೊದಲು ನಾಲ್ಕು ಕಿಲೋ, ಆಮೇಲೆ ಏಳೂವರೆ. ಆದರೆ ಅದೇ ಅಧ್ಯಯನದಲ್ಲಿ ಶೇ 10 ಮುಟ್ಟಿದವರು ಹತ್ತರಲ್ಲಿ ಒಬ್ಬರಷ್ಟೇ. ದಾರಿ ಗೊತ್ತಿದೆ, ನಡೆಯುವುದು ಕಷ್ಟ. ಅದಕ್ಕೇ ತಪ್ಪು ದಾರಿಯಲ್ಲಿ ಒಂದು ವರ್ಷ ಕಳೆಯುವುದು ದುಬಾರಿ.

ಸ್ಕ್ಯಾನಿಂಗಿನ ‘ಗ್ರೇಡ್’ ನೋಡಿ ಹೆದರುವುದಾಗಲಿ ನಿರಾಳವಾಗುವುದಾಗಲಿ ಬೇಡ. ಅದು ಹೇಳುವುದು ಲಿವರ್ ಎಷ್ಟು ಬೆಳ್ಳಗೆ ಕಾಣುತ್ತಿದೆ ಎಂದಷ್ಟೇ. ನಾರುಗಟ್ಟಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ಅದಕ್ಕೆ ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಸೇರಿಸಿ ಹಾಕುವ ಫಿಬ್-4 ಎಂಬ ಲೆಕ್ಕವಿದೆ. ನಮ್ಮ ವ್ಯಾಪಾರಿಯ ಎಸ್‌ಜಿಒಟಿ 40, ಎಸ್‌ಜಿಪಿಟಿ 62, ಪ್ಲೇಟ್‌ಲೆಟ್ 2.4 ಲಕ್ಷ ಇದ್ದರೆ ಅದು 0.97 ಆಗುತ್ತದೆ. 1.3ಕ್ಕಿಂತ ಕಡಿಮೆ ಇದ್ದರೆ ಹೆಚ್ಚು ನಾರುಗಟ್ಟಿರುವ ಸಂಭವ ಕಡಿಮೆ, ಪಥ್ಯದಲ್ಲೇ ಸುಧಾರಿಸಬಹುದು. 2.67 ದಾಟಿದರೆ ಲಿವರ್ ತಜ್ಞರ ಬಳಿ ಹೋಗಲೇಬೇಕು. ನಡುವೆ ಬಂದವರಿಗೆ ಫೈಬ್ರೋಸ್ಕ್ಯಾನ್ ಬೇಕಾಗುತ್ತದೆ. 65 ದಾಟಿದವರಿಗೆ ಕೆಳಗಿನ ಗೆರೆ 1.3 ಅಲ್ಲ, 2.

ಇನ್ನೆರಡು ಎಚ್ಚರಿಕೆಗಳಿವೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಒಮ್ಮೆಲೇ ಅನ್ನ-ರೊಟ್ಟಿ ಕಡಿದರೆ ಸಕ್ಕರೆ ಕುಸಿದು ತಲೆ ಸುತ್ತಿ ಬೀಳಬಹುದು. ಮೊದಲು ಔಷಧಿಯ ಪ್ರಮಾಣ ಬದಲಾಗಬೇಕು. ತೆಳ್ಳಗಿದ್ದೂ ಫ್ಯಾಟಿ ಲಿವರ್ ಬಂದವರು “ನನಗೆಲ್ಲಿ ಬೊಜ್ಜು” ಎಂದು ಸುಮ್ಮನಿರಬಾರದು. ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರಿನ ಮೇಲೆ ಸುತ್ತಳತೆ ಇದ್ದರೆ ಬೊಜ್ಜು ಒಳಗೆ ಇದೆ ಎಂದೇ ಅರ್ಥ. ಇಂಥವರಿಗೆ ತೂಕದ ಶೇ 3ರಿಂದ 5 ಇಳಿದರೂ ಫಲ ಕಾಣುತ್ತದೆ.

“ನಮ್ಮ ಹಿರಿಯರು ಬೆಲ್ಲ ತಿಂದೇ ನೂರು ವರ್ಷ ಬದುಕಿದರು” ಎಂಬ ಮಾತು ಕೊನೆಗೆ ಬಂದೇ ಬರುತ್ತದೆ. ಅವರು ಹೋಳಿಗೆ ಉಂಡದ್ದು ಹಬ್ಬಕ್ಕೆ, ಹುಣ್ಣಿಮೆಗೆ. ಮಾರನೆಯ ದಿನ ಮತ್ತೆ ಹೊಲಕ್ಕೆ. ದಿನಕ್ಕೆ ಆರು ಚಹಾ ಕುಡಿದು ಗಾದಿಯ ಮೇಲೆ ಕೂತ ಹಿರಿಯರ ಸಾಕ್ಷಿ ಇದ್ದರೆ ತರಬಹುದು. ಡಾಕ್ಟರರಲ್ಲಿ ನನ್ನ ಕೋರಿಕೆ ಇಷ್ಟೇ: ಚೀಟಿಯಲ್ಲಿ “ಎಣ್ಣೆ, ತುಪ್ಪ ವರ್ಜ್ಯ” ಎಂದು ಬರೆಯುವ ಮುಂಚೆ ದಿನಕ್ಕೆ ಎಷ್ಟು ಚಹಾ, ಎಷ್ಟು ರೊಟ್ಟಿ, ರೊಟ್ಟಿಯ ಮೇಲೆ ಅನ್ನ ಎಷ್ಟು ಎಂದು ಕೇಳಿ. ಕುಡಿಯದೆಯೂ ಈ ಚೀಟಿ ಹಿಡಿದು ಬಂದವರು ನಾಳೆ ಬೆಳಿಗ್ಗೆಯ ಚಹಾದಿಂದ ಬೆಲ್ಲ ತೆಗೆಯಲಿ, ತುಪ್ಪದ ಡಬ್ಬಿಯ ಮೇಲಿನ ಸಿಟ್ಟು ಆಮೇಲೆ ನೋಡಿಕೊಳ್ಳೋಣ.